ದಿನಕ್ಕೆ 1% ಲಾಭ ಗ್ಯಾರಂಟಿ ಎನ್ನುವ ಕ್ರಿಪ್ಟೋ ಸೈಟ್: ಪದೇ ಪದೇ ಕೇಳುವ ಪ್ರಶ್ನೆಗಳು

ದಿನಕ್ಕಿಷ್ಟು, ತಿಂಗಳಿಗಿಷ್ಟು ಎಂದು ಲಾಭವನ್ನು ಮೊದಲೇ ಹೇಳಿಬಿಡುವ ಕ್ರಿಪ್ಟೋ ವೆಬ್‌ಸೈಟ್‌ಗಳ ಬಗ್ಗೆ ಜನ ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಪ್ರಶ್ನೆಗಳನ್ನು ಅವರು ಕೇಳಿದ ಮಾತಿನಲ್ಲೇ ಇಟ್ಟಿದ್ದೇನೆ. ಲೆಕ್ಕ ಸುಲಭವಾಗಲಿ ಎಂದು ಉದ್ದಕ್ಕೂ ಒಂದೇ ಉದಾಹರಣೆ ಬಳಸಿದ್ದೇನೆ: ದಿನಕ್ಕೆ 1% ಕೊಡುತ್ತೇವೆ ಎನ್ನುವ ಒಂದು ಸೈಟ್. ಹಣ ಹಾಕುವ ಮೊದಲು ಓದುತ್ತಿದ್ದರೆ ಮೊದಲ ಎರಡು ಭಾಗ ಸಾಕು. ಆಗಲೇ ಹಾಕಿದ್ದರೆ ನೇರವಾಗಿ ಮೂರನೇ ಭಾಗಕ್ಕೆ ಹೋಗಿ.

## ಮೊದಲ ಅನುಮಾನಗಳು

ದಿನಕ್ಕೆ ಬರೀ 1% ಅಂತಾರೆ. ಅಷ್ಟೇನೂ ಜಾಸ್ತಿ ಅನ್ನಿಸಲ್ಲವಲ್ಲ?

ಅದಕ್ಕೇ ಅವರು ವರ್ಷದ ಲೆಕ್ಕ ಹೇಳುವುದಿಲ್ಲ. ಬಂದ ಲಾಭವನ್ನು ಅಲ್ಲೇ ಬಿಡುತ್ತಾ ಹೋದರೆ, ದಿನಕ್ಕೆ 1% ಎಂದರೆ ವರ್ಷಕ್ಕೆ ಸುಮಾರು 37.8 ಪಟ್ಟು. 1,000 ಡಾಲರ್ ಒಂದು ವರ್ಷದಲ್ಲಿ 37,783 ಡಾಲರ್ ಆಗಬೇಕು. ಎರಡನೇ ವರ್ಷದ ಕೊನೆಗೆ 14 ಲಕ್ಷ ಡಾಲರ್ ದಾಟುತ್ತದೆ. ಮೂರನೇ ವರ್ಷದ ಕೊನೆಗೆ 5 ಕೋಟಿ ಡಾಲರ್‌ಗೂ ಮೇಲೆ.

ಇದು ಒಬ್ಬರ 1,000 ಡಾಲರ್‌ನ ಲೆಕ್ಕ ಮಾತ್ರ. ತಮ್ಮ ಹತ್ತಿರ ಲಕ್ಷಗಟ್ಟಲೆ ಸದಸ್ಯರಿದ್ದಾರೆ ಎಂದು ಅವರೇ ಹೇಳುತ್ತಾರೆ. ಅಷ್ಟು ಜನಕ್ಕೆ ಹೀಗೆ ಕೊಡಲು ಬೇಕಾದಷ್ಟು ಹಣ ಜಗತ್ತಿನ ಯಾವ ಮಾರುಕಟ್ಟೆಯಲ್ಲೂ ಇಲ್ಲ. ಹಾಗಾಗಿ ಸೈಟಿನ ಬೇರೆ ಯಾವ ಪುಟವನ್ನೂ ತೆರೆಯದೆಯೇ ಇಷ್ಟು ಹೇಳಬಹುದು: ಈ ಮಾತನ್ನು ಬಹಳ ದಿನ ಉಳಿಸಿಕೊಳ್ಳಲು ಯಾರಿಂದಲೂ ಆಗುವುದಿಲ್ಲ.

ಕ್ರಿಪ್ಟೋದಲ್ಲಿ ಜನ ನಿಜವಾಗ್ಲೂ ಹತ್ತು ಪಟ್ಟು ದುಡ್ಡು ಮಾಡಿದ್ದಾರೆ. ಇವರ ಕೈಲಿ ಯಾಕೆ ಆಗಬಾರದು?

ಮಾಡಿದವರಿದ್ದಾರೆ, ನಿಜ. ಆದರೆ ಅವರಿಗೆ ದಿನಾ ಒಂದೇ ಸಮನೆ ಲಾಭ ಬರಲಿಲ್ಲ. 2021ರ ನವೆಂಬರ್‌ನಲ್ಲಿ 69,000 ಡಾಲರ್ ಹತ್ತಿರ ಇದ್ದ ಬಿಟ್‌ಕಾಯಿನ್, ಒಂದು ವರ್ಷದಲ್ಲಿ 16,000 ಡಾಲರ್‌ಗಿಂತ ಕೆಳಗೆ ಬಂತು. ಇಷ್ಟು ಏರಿಳಿಯುವ ಮಾರುಕಟ್ಟೆಯಲ್ಲಿ ಟ್ರೇಡಿಂಗ್ ಮಾಡಿದರೆ ಕೆಲವು ದಿನ ಲಾಭ, ಕೆಲವು ದಿನ ನಷ್ಟ. ಜಾಸ್ತಿ ಲಾಭ ಎಂಬ ಮಾತಿಗಿಂತ ನನಗೆ ಅನುಮಾನ ಹುಟ್ಟಿಸುವುದು ನಿಶ್ಚಿತ ಲಾಭ ಎಂಬ ಮಾತೇ. ಅಮೆರಿಕದ ಹೂಡಿಕೆ ವಂಚಕ ಬರ್ನಾರ್ಡ್ ಮೇಡಾಫ್ ಆಸೆ ತೋರಿಸಿದ್ದು ವರ್ಷಕ್ಕೆ 10% ಆಸುಪಾಸು ಮಾತ್ರ. ಮಾರುಕಟ್ಟೆ ಬಿದ್ದಾಗಲೂ ಅವನ ಲಾಭ ಬೀಳುತ್ತಿರಲಿಲ್ಲ. 2008ರಲ್ಲಿ ಅದೆಲ್ಲ ಸುಳ್ಳು ಲೆಕ್ಕ ಎಂದು ಹೊರಬಂತು.

ಇನ್ನೊಂದು ವಿಷಯ ಯೋಚಿಸಿ. ದಿನಕ್ಕೆ 1% ದುಡಿಯುವ ಸಾಫ್ಟ್‌ವೇರ್ ನಿಜವಾಗಿಯೂ ಇದ್ದವರು ಬ್ಯಾಂಕಿನಿಂದ ವರ್ಷಕ್ಕೆ 15% ಬಡ್ಡಿಗೆ ಸಾಲ ತಂದರೂ ಸಿರಿವಂತರಾಗುತ್ತಾರೆ. ಅದನ್ನು ಬಿಟ್ಟು ಪರಿಚಯವೇ ಇಲ್ಲದ ನಿಮಗೆ ವರ್ಷಕ್ಕೆ 365% ಕೊಟ್ಟು ಹಣ ಪಡೆಯಬೇಕಾದ ಕಷ್ಟ ಅವರಿಗೇನು?

ನಾನು 100 ಡಾಲರ್ ಹಾಕಿ, ಲಾಭ ತೆಗೆದು ನೋಡಿದೆ. ದುಡ್ಡು ಕೈಗೆ ಬಂತು. ಹಾಗಿದ್ರೆ ಅಸಲಿ ಅಲ್ವಾ?

ಅತಿ ಹೆಚ್ಚು ಜನ ಮುಗ್ಗರಿಸುವುದು ಇಲ್ಲೇ. ಅದಕ್ಕೆ ಈ ಉತ್ತರ ಸ್ವಲ್ಪ ಉದ್ದ.

ನೀವು 100 ಡಾಲರ್ ಹಾಕಿದಿರಿ. ದಿನಕ್ಕೆ 1 ಡಾಲರ್‌ನಂತೆ ಹತ್ತು ದಿನಕ್ಕೆ 10 ಡಾಲರ್ ಕಾಣಿಸಿತು. ವಿತ್‌ಡ್ರಾ ಒತ್ತಿದಿರಿ, ಅರ್ಧ ಗಂಟೆಯಲ್ಲಿ ನಿಮ್ಮ ವಾಲೆಟ್‌ಗೆ ಬಂತು. ನಂಬಿಕೆ ಕುದುರಿತು. ಇನ್ನೂ 3,000 ಡಾಲರ್ ಹಾಕಿದಿರಿ. ಈಗ ಅವರ ಕಡೆಯಿಂದ ಲೆಕ್ಕ ನೋಡಿ. ಅವರು ಕೊಟ್ಟಿದ್ದು 10 ಡಾಲರ್, ಅದೂ ನೀವೇ ಕೊಟ್ಟ 100ರಿಂದ. ಅವರಿಗೆ ಸಿಕ್ಕಿದ್ದು 3,100.

ಹತ್ತು ದಿನ ಬಿಡಿ, ಮೂರು ತಿಂಗಳು ತಪ್ಪದೆ ಕೊಟ್ಟರೂ ಅದರಿಂದ ಏನೂ ಗೊತ್ತಾಗುವುದಿಲ್ಲ. 1,000 ಡಾಲರ್ ಹಾಕಿದವರಿಗೆ ದಿನಕ್ಕೆ 10 ಡಾಲರ್ ಕೊಡಲು ಯಾವ ವ್ಯಾಪಾರವೂ ಬೇಕಿಲ್ಲ. ಅವರ ಅಸಲನ್ನೇ ಚೂರು ಚೂರಾಗಿ ಹಿಂದಿರುಗಿಸಿದರೆ ಸರಿಯಾಗಿ 100 ದಿನ ಬರುತ್ತದೆ. ಅಷ್ಟರಲ್ಲಿ ಅವರು ಇನ್ನಿಬ್ಬರನ್ನು ಕರೆತಂದಿರುತ್ತಾರೆ. ಆ ಇಬ್ಬರ ಅಸಲಿನಿಂದ ಮೊದಲಿನವರಿಗೆ ಇನ್ನೂ 200 ದಿನ ಕೊಡಬಹುದು. ಜೊತೆಗೆ ಬಹಳ ಜನ ಲಾಭವನ್ನು ತೆಗೆಯುವುದೇ ಇಲ್ಲ, ಬೆಳೆಯಲಿ ಎಂದು ಅಲ್ಲೇ ಬಿಡುತ್ತಾರೆ. ಹಾಗೆ ಬಿಟ್ಟವರಿಗೆ ಒಂದು ಪೈಸೆಯನ್ನೂ ಕೊಡಬೇಕಿಲ್ಲ, ಪರದೆಯ ಮೇಲಿನ ಅಂಕಿ ಬದಲಿಸಿದರೆ ಆಯಿತು.

ಇದನ್ನೇ ಪೊಂಜಿ ಸ್ಕೀಮ್ ಎನ್ನುತ್ತಾರೆ. 1920ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಚಾರ್ಲ್ಸ್ ಪೊಂಜಿ 45 ದಿನಕ್ಕೆ 50% ಲಾಭ ಎಂದು ಜನರಿಂದ ಹಣ ಎತ್ತಿದ. ಮೊದಮೊದಲು ಹಾಕಿದವರಿಗೆ ನಿಜಕ್ಕೂ ಹಣ ಬಂತು. ಬಂದಿದ್ದಕ್ಕೇ ಉಳಿದವರು ಮುಗಿಬಿದ್ದರು.

ಹಾಗಾಗಿ "ಸ್ವಲ್ಪ ಹಾಕಿ ನೋಡೋಣ" ಎಂಬ ಪರೀಕ್ಷೆ ಈ ವಿಷಯದಲ್ಲಿ ಕೆಲಸ ಮಾಡುವುದಿಲ್ಲ. ಹಣ ಬರದಿದ್ದರೆ ಮೋಸ ಖಾತ್ರಿ. ಬಂದರೆ ಮಾತ್ರ ಏನೂ ಖಾತ್ರಿಯಾಗುವುದಿಲ್ಲ.

## ಸೈಟನ್ನು ಪರೀಕ್ಷಿಸುವುದು

ಸೈಟ್ ತುಂಬಾ ಚೆನ್ನಾಗಿದೆ, ವಿಳಾಸದ ಪಕ್ಕ ಬೀಗದ ಗುರುತೂ ಇದೆ. ಇಷ್ಟು ಸಾಲದಾ?

ಸಾಲದು. ನಿಮ್ಮ ಬ್ರೌಸರ್‌ಗೂ ಆ ಸೈಟಿಗೂ ನಡುವಿನ ಮಾತನ್ನು ಬೇರೆಯವರು ಕದ್ದು ಕೇಳಲಾರರು ಎನ್ನುವುದಷ್ಟೇ ಆ ಬೀಗದ ಅರ್ಥ. ಸೈಟ್ ನಡೆಸುವವರು ಯಾರು ಎಂದು ಅದು ಹೇಳುವುದಿಲ್ಲ. ಅದರ ಸರ್ಟಿಫಿಕೇಟ್ ಯಾರಿಗೆ ಬೇಕಾದರೂ ಪುಕ್ಕಟೆ ಸಿಗುತ್ತದೆ. ಇಂಥ ಸೈಟ್‌ಗಳ ಸಿದ್ಧ ವಿನ್ಯಾಸವೂ ಹಾಗೇ, ಡ್ಯಾಶ್‌ಬೋರ್ಡ್ ಸಮೇತ ಖರೀದಿಗೆ ಸಿಗುತ್ತದೆ.

"2018ರಿಂದ ಸೇವೆಯಲ್ಲಿ" ಅಂತ ಬರೆದುಕೊಂಡಿದ್ದಾರೆ. ಸೈಟ್ ನಿಜವಾಗಿ ಎಷ್ಟು ಹಳೆಯದು ಅಂತ ನೋಡೋದು ಹೇಗೆ?

ಎರಡು ನಿಮಿಷದ ಕೆಲಸ. lookup.icann.org ತೆರೆದು ಸೈಟಿನ ಹೆಸರನ್ನು ಟೈಪ್ ಮಾಡಿ. ಬರುವ ವಿವರದಲ್ಲಿ Created ಎಂಬ ದಿನಾಂಕ ನೋಡಿ. ಆ ಹೆಸರನ್ನು ನೋಂದಾಯಿಸಿದ ದಿನ ಅದು. 2018 ಎಂದು ಹೇಳಿಕೊಳ್ಳುವ ಸೈಟಿನ ಹೆಸರು ಕಳೆದ ತಿಂಗಳು ನೋಂದಣಿಯಾಗಿದ್ದರೆ ಮುಂದೆ ಏನನ್ನೂ ನೋಡಬೇಕಿಲ್ಲ. ಒಂದು ಸುಳ್ಳು ಸಿಕ್ಕಿತಲ್ಲ, ಅಷ್ಟು ಸಾಕು.

ದಿನಾಂಕ ಹಳೆಯದಾಗಿದ್ದರೆ ಮಾತ್ರ ಅವಸರ ಬೇಡ. ಯಾರೋ ಬಿಟ್ಟುಹೋದ ಹಳೆಯ ಹೆಸರನ್ನು ಕೊಂಡುಕೊಳ್ಳುವುದೂ ಇದೆ. ಅದಕ್ಕೆ web.archive.org ನೋಡಿ. ಹಿಂದಿನ ವರ್ಷಗಳಲ್ಲಿ ಆ ವಿಳಾಸದಲ್ಲಿ ಏನಿತ್ತು ಎಂಬ ಪ್ರತಿಗಳು ಅಲ್ಲಿ ಸಿಗಬಹುದು. ಮೂರು ವರ್ಷದ ಹಿಂದೆ ಅಲ್ಲಿ ಶಾಲೆಯೊಂದರ ಪುಟ ಇದ್ದರೆ, "2018ರಿಂದ" ಎಂಬ ಮಾತಿನ ಬಣ್ಣ ಬಯಲಾಗುತ್ತದೆ.

ಹೆಸರಿನ ಮಾಲೀಕರ ವಿವರ ಮುಚ್ಚಿದ್ದರೆ ಅದನ್ನೇ ದೊಡ್ಡದು ಮಾಡಬೇಡಿ. ಈಗ ಒಳ್ಳೆಯ ಸೈಟ್‌ಗಳೂ ಅದನ್ನು ಮುಚ್ಚಿಯೇ ಇಡುತ್ತವೆ.

ಕಂಪನಿ ರಿಜಿಸ್ಟ್ರೇಷನ್ ಸರ್ಟಿಫಿಕೇಟ್ ತೋರಿಸ್ತಾರೆ, ಲೈಸೆನ್ಸ್ ನಂಬರೂ ಇದೆ. ಇದನ್ನೂ ನಂಬಬಾರದಾ?

ಕಂಪನಿ ನೋಂದಾಯಿಸುವುದು ಬೇರೆ, ಜನರಿಂದ ಹೂಡಿಕೆ ಪಡೆಯಲು ಅನುಮತಿ ಪಡೆಯುವುದು ಬೇರೆ. ಬ್ರಿಟನ್ನಿನಲ್ಲಿ ಕಂಪನೀಸ್ ಹೌಸ್‌ನಲ್ಲಿ ಯಾರು ಬೇಕಾದರೂ ಸ್ವಲ್ಪ ಶುಲ್ಕ ಕಟ್ಟಿ ಆನ್‌ಲೈನ್‌ನಲ್ಲೇ ಕಂಪನಿ ತೆರೆಯಬಹುದು. ಅಲ್ಲಿಂದ ಸಿಗುವ ಕಾಗದ ನಕಲಿಯಲ್ಲ, ಅಸಲಿಯೇ. ಆದರೆ ಅದು ಹೂಡಿಕೆಯ ಅನುಮತಿಯಲ್ಲ. ಅನುಮತಿ ಕೊಡುವುದು ಎಫ್‌ಸಿಎ ಎಂಬ ಬೇರೆ ಸಂಸ್ಥೆ.

ಅಮೆರಿಕದ ಎಂಎಸ್‌ಬಿ ನೋಂದಣಿಯನ್ನೂ ಹೀಗೇ ತೋರಿಸುತ್ತಾರೆ. ಹಣ ರವಾನಿಸುವ ವ್ಯವಹಾರದವರು ಫಿನ್‌ಸೆನ್ ಎಂಬ ಇಲಾಖೆಗೆ ಅರ್ಜಿ ತುಂಬಿ ತಿಳಿಸುವ ವ್ಯವಸ್ಥೆ ಅದು. ಅದರಲ್ಲಿ ಹೆಸರಿದ್ದರೆ ಸಂಸ್ಥೆ ಒಳ್ಳೆಯದು ಎಂದು ಅರ್ಥವಲ್ಲ ಎಂದು ಫಿನ್‌ಸೆನ್ ತಾನೇ ಹೇಳುತ್ತದೆ.

ಲೈಸೆನ್ಸ್ ನಂಬರ್ ಕೊಟ್ಟಿದ್ದರೆ, ಅವರು ಕೊಟ್ಟ ಲಿಂಕ್ ಒತ್ತಬೇಡಿ. ಆ ದೇಶದ ನಿಯಂತ್ರಕ ಸಂಸ್ಥೆಯ ಸೈಟನ್ನು ನೀವೇ ಹುಡುಕಿ ತೆರೆದು, ಅಲ್ಲಿನ ಪಟ್ಟಿಯಲ್ಲಿ ನಂಬರ್ ಹಾಕಿ ನೋಡಿ. ನಂಬರ್ ಸಿಕ್ಕರೂ ಅಲ್ಲಿಗೇ ನಿಲ್ಲಬೇಡಿ. ಆ ದಾಖಲೆಯಲ್ಲಿರುವ ವೆಬ್‌ಸೈಟ್ ವಿಳಾಸ ಇವರದ್ದೇನಾ ಎಂದು ಅಕ್ಷರ ಅಕ್ಷರ ಹೋಲಿಸಿ. ಒಳ್ಳೆಯ ಕಂಪನಿಯೊಂದರ ಹೆಸರು, ನಂಬರ್ ಎರಡನ್ನೂ ಎತ್ತಿಕೊಂಡು ಒಂದಕ್ಷರ ಬೇರೆ ಇರುವ ವಿಳಾಸದಲ್ಲಿ ಸೈಟ್ ಮಾಡುವುದು ಈ ವಂಚಕರ ಹಳೆಯ ಚಾಳಿ. ಅನುಮಾನ ಬಂದರೆ ದಾಖಲೆಯಲ್ಲಿರುವ ಫೋನ್ ನಂಬರಿಗೆ ಕರೆ ಮಾಡಿ ಕೇಳಿ, ಸೈಟಿನಲ್ಲಿರುವ ನಂಬರಿಗಲ್ಲ.

ನಿಯಂತ್ರಕ ಸಂಸ್ಥೆಗಳ ಎಚ್ಚರಿಕೆ ಪಟ್ಟಿಯಲ್ಲಿ ಸೈಟಿನ ಹೆಸರು ಇಲ್ಲ ಎಂದು ಸಮಾಧಾನಪಡುವವರೂ ಇದ್ದಾರೆ. ದೂರು ಬಂದ ಮೇಲೆ ಹೆಸರು ಪಟ್ಟಿಗೆ ಸೇರುತ್ತದೆ. ಹೊಸ ಸೈಟಿನ ಮೇಲೆ ಇನ್ನೂ ದೂರೇ ಬಂದಿರುವುದಿಲ್ಲ.

ಯೂಟ್ಯೂಬ್‌ನಲ್ಲಿ ಎಷ್ಟೊಂದು ಜನ ಹಣ ಬಂದಿದ್ದನ್ನು ತೋರಿಸ್ತಾರೆ. ಎಲ್ಲರೂ ಸುಳ್ಳು ಹೇಳ್ತಾರಾ?

ಎಲ್ಲರೂ ಅಲ್ಲ. ಅವರಲ್ಲಿ ಬಹಳ ಜನಕ್ಕೆ ನಿಜಕ್ಕೂ ಹಣ ಬಂದಿರುತ್ತದೆ, ಮೇಲೆ ಹೇಳಿದ ಕಾರಣಕ್ಕೆ. ವಿಡಿಯೋದ ಕೆಳಗೆ ಒಂದು ಲಿಂಕ್ ಇರುತ್ತದೆ, ಅದನ್ನು ನೋಡಿ. ಲಿಂಕಿನ ಕೊನೆಯಲ್ಲಿ `ref=` ಎಂದೋ, ಒಂದು ಹೆಸರೋ, ಕೋಡೋ ಇದ್ದರೆ ನೀವು ಹಾಕುವ ಹಣದಲ್ಲಿ ಅವರಿಗೆ ಪಾಲು ಹೋಗುತ್ತದೆ. ಅವರ ಮಾತನ್ನು ಸಾಕ್ಷಿ ಎಂದು ತೆಗೆದುಕೊಳ್ಳಬೇಡಿ, ಜಾಹೀರಾತು ಎಂದು ತೆಗೆದುಕೊಳ್ಳಿ.

ನಿಮ್ಮನ್ನು ಕರೆದವರು ಅಣ್ಣನೋ ಗೆಳತಿಯೋ ಆಗಿದ್ದರೆ ಅವರ ಮೇಲೆ ಕೋಪ ಮಾಡಿಕೊಳ್ಳಬೇಡಿ. ಒಳ್ಳೆಯದಾಗಲಿ ಎಂದೇ ಹೇಳಿರುತ್ತಾರೆ. ಅವರು ಹಾಕಿದ ಒಟ್ಟು ಹಣ ಎಷ್ಟು, ಇಲ್ಲಿಯವರೆಗೆ ಕೈಗೆ ಬಂದ ಒಟ್ಟು ಹಣ ಎಷ್ಟು ಎಂದು ಮೆಲ್ಲಗೆ ಕೇಳಿ. ಪರದೆಯಲ್ಲಿ ಕಾಣುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ. ಬಹಳ ಸಲ ಉತ್ತರ ಹೇಳುವ ಹೊತ್ತಿಗೆ ಅವರಿಗೇ ಅನುಮಾನ ಶುರುವಾಗುತ್ತದೆ.

## ಹಣ ಹಾಕಿದ ಮೇಲೆ

ಡ್ಯಾಶ್‌ಬೋರ್ಡ್‌ನಲ್ಲಿ ನನ್ನ ಬ್ಯಾಲೆನ್ಸ್ 8,385 ಡಾಲರ್ ಅಂತಿದೆ. ಅದು ಎಲ್ಲಿದೆ?

ಎಲ್ಲೂ ಇರಲಿಕ್ಕಿಲ್ಲ. 3,100 ಡಾಲರ್‌ಗೆ ದಿನಕ್ಕೆ 1%ನಂತೆ ನೂರು ದಿನ ಚಕ್ರಬಡ್ಡಿ ಹಾಕಿದರೆ 8,385 ಬರುತ್ತದೆ. ಈ ಗುಣಾಕಾರ ಮಾಡಲು ಒಂದು ಸಾಲಿನ ಪ್ರೋಗ್ರಾಂ ಸಾಕು. ನೀವು ನಿಜವಾಗಿ ಕಳಿಸಿದ್ದು 3,100, ಅದು ಹೋದದ್ದು ಅವರ ವಾಲೆಟ್‌ಗೆ. ಪರದೆಯಲ್ಲಿ ಓಡುವ ಚಾರ್ಟೂ ಅಷ್ಟೇ, ಬಿಟ್‌ಕಾಯಿನ್‌ನ ನಿಜವಾದ ಬೆಲೆಯನ್ನು ಬೇರೆ ಕಡೆಯಿಂದ ತಂದು ತೋರಿಸಿ, ಕೆಳಗೆ ತಮಗೆ ಬೇಕಾದ ಲಾಭ ಬರೆಯಬಹುದು.

ಈ ಅಂಕಿಗೆ ಇನ್ನೊಂದು ಕೆಲಸವೂ ಇದೆ. 3,100 ಹೋಯಿತು ಎಂದು ಒಪ್ಪಿಕೊಳ್ಳುವುದು ಕಷ್ಟ. 8,385 ಹೋಯಿತು ಎಂದು ಒಪ್ಪಿಕೊಳ್ಳುವುದು ಇನ್ನೂ ಕಷ್ಟ. ಮುಂದಿನ ಪ್ರಶ್ನೆ ಹುಟ್ಟುವುದೇ ಇದರಿಂದ.

ವಿತ್‌ಡ್ರಾ ಮಾಡೋಕೆ ಮೊದಲು 15% ಟ್ಯಾಕ್ಸ್ ಕಟ್ಟಿ ಅಂತಾರೆ. ಕಟ್ಟಲಾ?

ಕಟ್ಟಬೇಡಿ. 8,385ಕ್ಕೆ 15% ಎಂದರೆ ಸುಮಾರು 1,258 ಡಾಲರ್. ನಿಮ್ಮ ಹಣ ನಿಜವಾಗಿ ಅವರ ಹತ್ತಿರ ಇದ್ದರೆ ಅದರಲ್ಲೇ ಹಿಡಿದುಕೊಂಡು ಉಳಿದ 7,127 ಡಾಲರ್ ಕಳಿಸಬಹುದಲ್ವಾ? "ನಿಮ್ಮ ಬ್ಯಾಲೆನ್ಸ್ ಮುಟ್ಟುವ ಹಾಗಿಲ್ಲ, ಹೊಸದಾಗಿ ಕಳಿಸಿ" ಎಂದರೆ ಮುಟ್ಟಲು ಅಲ್ಲಿ ಏನೂ ಇಲ್ಲ ಎಂದರ್ಥ. ಲಾಭಕ್ಕೆ ತೆರಿಗೆ ಇದ್ದರೆ ಅದು ನಿಮ್ಮ ಸರ್ಕಾರಕ್ಕೆ ಕಟ್ಟುವಂಥದ್ದು. ಯಾವ ಸರ್ಕಾರವೂ ತೆರಿಗೆಯನ್ನು ಅಪರಿಚಿತ ವಾಲೆಟ್‌ಗೆ, ಡಾಲರ್ ಬೆಲೆಗೆ ಕಟ್ಟಿದ ಯುಎಸ್‌ಡಿಟಿ ಎಂಬ ಕ್ರಿಪ್ಟೋದಲ್ಲಿ ಕಳಿಸಿ ಎನ್ನುವುದಿಲ್ಲ.

ಕಟ್ಟಿದರೆ ಏನಾಗುತ್ತದೆ? ಹೆಸರು ಬದಲಾಗುತ್ತದೆ ಅಷ್ಟೇ. ತೆರಿಗೆಯ ನಂತರ ಪರಿಶೀಲನೆಯ ಶುಲ್ಕ, ಅದಾದ ಮೇಲೆ ಖಾತೆ ಬಿಡಿಸುವ ಠೇವಣಿ, ಆಮೇಲೆ ತಡವಾದದ್ದಕ್ಕೆ ದಂಡ. ನಿಮ್ಮ ಹತ್ತಿರ ಹಣ ಇರುವ ತನಕ ಹೊಸ ಹೆಸರು ಬರುತ್ತಲೇ ಇರುತ್ತದೆ.

ಈಗ ಮೋಸ ಅಂತ ಗೊತ್ತಾಯ್ತು. ಏನು ಮಾಡಲಿ? ಹಣ ವಾಪಸ್ ತರಿಸಿಕೊಡ್ತೀವಿ ಅಂತ ಒಬ್ಬರು ಮೆಸೇಜ್ ಮಾಡಿದ್ದಾರೆ.

ಆ ಮೆಸೇಜಿಗೆ ಉತ್ತರ ಕೊಡಬೇಡಿ. ಮೋಸಹೋದವರ ಪಟ್ಟಿ ವಂಚಕರ ಹತ್ತಿರ ಇರುತ್ತದೆ, ಎರಡನೇ ಸಲ ಸುಲಿಯಲು ಬರುವವರು ಅವರೇ ಇರಬಹುದು. ಕಳಿಸಿದ ಕ್ರಿಪ್ಟೋವನ್ನು ಹ್ಯಾಕ್ ಮಾಡಿ ಎಳೆದು ತರಲು ಯಾರಿಂದಲೂ ಆಗುವುದಿಲ್ಲ.

ಮೊದಲು, ಸೈಟ್ ಮುಚ್ಚುವ ಮುನ್ನ ಎಲ್ಲವನ್ನೂ ಉಳಿಸಿಕೊಳ್ಳಿ. ಸೈಟಿನ ಪೂರ್ತಿ ವಿಳಾಸ, ಡ್ಯಾಶ್‌ಬೋರ್ಡ್‌ನ ಚಿತ್ರ, ಚಾಟ್, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ ನೀವು ಹಣ ಕಳಿಸಿದ ವಾಲೆಟ್ ವಿಳಾಸ ಹಾಗೂ ಪ್ರತಿ ರವಾನೆಯ ಗುರುತಿನ ಸಂಖ್ಯೆಯಾದ TXID. ಚಿತ್ರ ತೆಗೆದರೆ ಸಾಲದು, ವಿಳಾಸ ಮತ್ತು TXID ಅನ್ನು ಅಕ್ಷರಗಳಲ್ಲೇ ಕಾಪಿ ಮಾಡಿಡಿ. ಪೊಲೀಸರು ಹುಡುಕುವುದು ಅದರಿಂದಲೇ.

ಆಮೇಲೆ ಅದೇ ದಿನ ಎರಡು ಕಡೆ ದೂರು ಕೊಡಿ: ನಿಮ್ಮ ಊರಿನ ಸೈಬರ್ ಅಪರಾಧ ಪೊಲೀಸರಿಗೆ, ಮತ್ತು ನೀವು ಕ್ರಿಪ್ಟೋ ಕೊಂಡ ಎಕ್ಸ್‌ಚೇಂಜ್‌ಗೆ. ಹಣ ಇನ್ನೊಂದು ಎಕ್ಸ್‌ಚೇಂಜ್‌ಗೆ ಹೋಗಿ ನಿಂತಿದ್ದರೆ ಪೊಲೀಸರ ಕೋರಿಕೆಯ ಮೇಲೆ ಅದನ್ನು ತಡೆಹಿಡಿಯಬಹುದು. ಯುಎಸ್‌ಡಿಟಿ ಹೊರಡಿಸುವ ಟೆದರ್ ಕಂಪನಿಗೂ ಒಂದು ವಿಳಾಸದಲ್ಲಿರುವ ಯುಎಸ್‌ಡಿಟಿಯನ್ನು ಕದಲದಂತೆ ಮಾಡುವ ಅಧಿಕಾರ ಇದೆ. ಹೀಗೆ ಹಣ ಸಿಗುವುದು ಅಪರೂಪ ಎನ್ನುವುದನ್ನು ಮುಚ್ಚಿಡಲಾರೆ. ಸಿಗುವ ಸಾಧ್ಯತೆ ಇರುವುದು ಬೇಗ ದೂರು ಕೊಟ್ಟವರಿಗೆ.

## ಇನ್ನೂ ಒಳಗೆ ಹೋಗಿ ನೋಡುವವರಿಗೆ

ಬ್ಲಾಕ್‌ಚೈನ್‌ನಲ್ಲಿ ಎಲ್ಲಾ ಕಾಣುತ್ತೆ ಅಂತಾರಲ್ಲ. ನಾನೇ ನೋಡಿ ಕಂಡುಹಿಡಿಯಬಹುದಾ?

ಸ್ವಲ್ಪ ಮಟ್ಟಿಗೆ ಆಗುತ್ತದೆ. ಇಂಥ ಸೈಟ್‌ಗಳು ಬಹಳ ಸಲ ಟ್ರಾನ್ ಜಾಲದ ಯುಎಸ್‌ಡಿಟಿ ಕೇಳುತ್ತವೆ, ಅದರ ವಿಳಾಸ T ಅಕ್ಷರದಿಂದ ಶುರುವಾಗುತ್ತದೆ. ಹಣ ಹಾಕಲು ಅವರು ಕೊಟ್ಟ ವಿಳಾಸವನ್ನು tronscan.org ನಲ್ಲಿ ಹಾಕಿ. ಈಥೀರಿಯಂ ಆದರೆ etherscan.io.

ನಿಮಗೆ ಲಾಭದ ಹಣ ಬಂದಿತ್ತಲ್ಲ, ಅದನ್ನು ಕಳಿಸಿದ ವಿಳಾಸ ಯಾವುದು ನೋಡಿ. ಆ ವಿಳಾಸಕ್ಕೆ ಹಣ ಎಲ್ಲಿಂದ ಬರುತ್ತಿದೆ ಎಂದು ಹಿಂದೆ ಹೋಗಿ. 50, 100, 500 ಡಾಲರ್‌ನಂಥ ದುಂಡು ಮೊತ್ತಗಳು ಬೇರೆ ಬೇರೆ ವಿಳಾಸಗಳಿಂದ ಬಂದು ಸೇರಿ, ಅಲ್ಲಿಂದಲೇ ಸಣ್ಣ ಮೊತ್ತಗಳು ಹೊರಗೆ ಹೋಗುತ್ತಿದ್ದರೆ, ಹೊಸಬರ ಹಣ ಹಳಬರಿಗೆ ಹೋಗುತ್ತಿರುವುದು ಕಣ್ಣೆದುರೇ ಕಾಣುತ್ತದೆ.

ಇದಕ್ಕೊಂದು ಮಿತಿ ಇದೆ. ಸಾಚಾ ಎಕ್ಸ್‌ಚೇಂಜ್‌ಗಳೂ ಗ್ರಾಹಕರ ಹಣವನ್ನೆಲ್ಲ ಒಂದು ದೊಡ್ಡ ವಾಲೆಟ್‌ಗೆ ಸೇರಿಸಿ ಅಲ್ಲಿಂದಲೇ ವಿತ್‌ಡ್ರಾ ಕೊಡುತ್ತವೆ. ಹಾಗಾಗಿ ಹಣ ಒಂದೆಡೆ ಸೇರುವುದಷ್ಟನ್ನೇ ನೋಡಿ ತೀರ್ಮಾನಕ್ಕೆ ಬರಬೇಡಿ. ಟ್ರೇಡಿಂಗ್ ಲಾಭ ಕೊಡುತ್ತೇವೆ ಎನ್ನುವವರ ವಾಲೆಟ್‌ಗೆ ಜನರ ಠೇವಣಿ ಬಿಟ್ಟು ಬೇರೆ ಕಡೆಯಿಂದ ಹಣ ಬರುತ್ತಿದೆಯೇ ಎನ್ನುವುದನ್ನು ಹುಡುಕಿ.

ಹಣ ಅವರಿಗೆ ಕಳಿಸೋದೇ ಇಲ್ಲ, ನನ್ನ ವಾಲೆಟ್‌ನಲ್ಲೇ ಇರುತ್ತೆ. ಕನೆಕ್ಟ್ ಮಾಡಿದ್ರೆ ಸಾಕು ಅಂತಾರೆ. ಇದರಲ್ಲಿ ಏನು ಅಪಾಯ?

ಬರೀ ಕನೆಕ್ಟ್ ಮಾಡಿದರೆ ಹಣ ಹೋಗುವುದಿಲ್ಲ. ಅದರ ಹಿಂದೆಯೇ ಬರುವ ಎರಡನೇ ಕಿಟಕಿಯಲ್ಲಿ ಅಪಾಯ ಇದೆ. ಅಲ್ಲಿ `approve` ಎಂಬ ಕೆಲಸಕ್ಕೆ ಒಪ್ಪಿಗೆ ಕೇಳುತ್ತಾರೆ. ಒಪ್ಪಿದರೆ, ನಿಮ್ಮ ವಾಲೆಟ್‌ನಲ್ಲಿರುವ ಯುಎಸ್‌ಡಿಟಿಯನ್ನು ಇನ್ನು ಮುಂದೆ ನಿಮ್ಮನ್ನು ಕೇಳದೆಯೇ ತೆಗೆಯುವ ಹಕ್ಕು ಅವರಿಗೆ ಸಿಗುತ್ತದೆ. ಸಾಮಾನ್ಯವಾಗಿ ಮೊತ್ತಕ್ಕೆ ಮಿತಿಯೇ ಇರುವುದಿಲ್ಲ. ಬಹಳ ಸಲ ಅವರು ತಕ್ಷಣ ತೆಗೆಯುವುದೂ ಇಲ್ಲ. ವಾರಗಟ್ಟಲೆ "ಲಾಭ" ಕಳಿಸಿ, ನೀವು ಇನ್ನೂ ಹಣ ತಂದು ತುಂಬಿದ ಮೇಲೆ ಒಂದೇ ಸಲಕ್ಕೆ ಬಾಚುತ್ತಾರೆ.

ಆಗಲೇ ಒಪ್ಪಿದ್ದರೆ, ಉಳಿದ ಹಣವನ್ನು ಮೊದಲು ಹೊಸ ವಾಲೆಟ್‌ಗೆ ಸಾಗಿಸಿ. ಈಥೀರಿಯಂ ಮಾದರಿಯ ಜಾಲಗಳಲ್ಲಿ revoke.cash ಮೂಲಕ ಕೊಟ್ಟ ಒಪ್ಪಿಗೆಗಳ ಪಟ್ಟಿ ನೋಡಿ ರದ್ದು ಮಾಡಬಹುದು. ಸೈಟಿನ ಡಿಸ್‌ಕನೆಕ್ಟ್ ಬಟನ್ ಒತ್ತಿದರೆ ಒಪ್ಪಿಗೆ ರದ್ದಾಗುವುದಿಲ್ಲ, ಇದನ್ನು ಬಹಳ ಜನ ತಪ್ಪು ತಿಳಿದಿದ್ದಾರೆ.

ಸ್ಮಾರ್ಟ್ ಕಾಂಟ್ರ್ಯಾಕ್ಟ್ ಆಡಿಟ್ ಆಗಿದೆ, ಯಾರೂ ಬದಲಿಸೋಕೆ ಆಗಲ್ಲ ಅಂತಾರೆ. ಆಗಲೂ ಮೋಸ ಆಗುತ್ತಾ?

ಆಗುತ್ತದೆ. ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದರೆ ಬ್ಲಾಕ್‌ಚೈನ್ ಮೇಲೆ ತಾನಾಗಿಯೇ ನಡೆಯುವ ಕೋಡ್. ಅದು ಬರೆದ ಹಾಗೇ ನಡೆಯುತ್ತದೆಯೇ ಎಂದಷ್ಟೇ ಆಡಿಟ್ ನೋಡುತ್ತದೆ. ಹೊಸಬರ ಹಣವನ್ನು ಹಳಬರಿಗೆ ಹಂಚು ಎಂದು ಬರೆದಿದ್ದರೆ ಅದು ತಪ್ಪಿಲ್ಲದೆ ಹಂಚುತ್ತದೆ. 2020ರಲ್ಲಿ ಶುರುವಾದ ಫೋರ್ಸೇಜ್ ಎಂಬ ಯೋಜನೆ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಮೇಲೇ ನಡೆದದ್ದು. ಅದು 30 ಕೋಟಿ ಡಾಲರ್‌ಗೂ ಹೆಚ್ಚು ಹಣ ಎತ್ತಿದ ಪಿರಮಿಡ್ ಮತ್ತು ಪೊಂಜಿ ಸ್ಕೀಮ್ ಎಂದು ಅಮೆರಿಕದ ಹೂಡಿಕೆ ನಿಯಂತ್ರಕ ಸಂಸ್ಥೆ ಎಸ್‌ಇಸಿ 2022ರಲ್ಲಿ 11 ಜನರ ಮೇಲೆ ಮೊಕದ್ದಮೆ ಹೂಡಿತು.

ಹಾಗಿದ್ರೆ ಬಡ್ಡಿ ಕೊಡೋ ಕ್ರಿಪ್ಟೋ ಎಲ್ಲಾ ಮೋಸಾನಾ?

ಅಲ್ಲ. ಈಥೀರಿಯಂ ಜಾಲ ನಡೆಸಲು ಅದರ ನಾಣ್ಯವಾದ ಈಥರ್ ಅನ್ನು ಒತ್ತೆ ಇಡುವ ಸ್ಟೇಕಿಂಗ್‌ನಲ್ಲಿ ಇತ್ತೀಚಿನ ವರ್ಷಗಳಲ್ಲಿ ವರ್ಷಕ್ಕೆ ಸುಮಾರು 3% ಬರುತ್ತಿದೆ. ಆ ಹಣ ಎಲ್ಲಿಂದ ಬರುತ್ತದೆ ಎಂದು ಹೇಳಲು ಆಗುತ್ತದೆ: ಜಾಲ ಹೊಸದಾಗಿ ಹೊರಡಿಸುವ ಈಥರ್ ಮತ್ತು ಬಳಸುವವರು ಕೊಡುವ ಶುಲ್ಕ. ದರ ಏರಿಳಿಯುತ್ತದೆ, ಸಿಗುವುದು ಈಥರ್‌ನಲ್ಲಿ, ಅದರ ಬೆಲೆ ಬಿದ್ದರೆ ನಷ್ಟ ನಿಮ್ಮದೇ.

ಹೆಚ್ಚು ಬಡ್ಡಿಯಾದರೆ ಮುಚ್ಚುಮರೆ ಇಲ್ಲದ ಯೋಜನೆಯೂ ಮುಳುಗಬಹುದು. ಟೆರಾ ಎಂಬ ಕ್ರಿಪ್ಟೋ ಜಾಲದ ಆಂಕರ್ ಯೋಜನೆ ಠೇವಣಿಗೆ ವರ್ಷಕ್ಕೆ ಹೆಚ್ಚುಕಡಿಮೆ 19.5% ಕೊಡುತ್ತಿತ್ತು. ಸಾಲಗಾರರಿಂದ ಬರುತ್ತಿದ್ದ ಹಣ ಅದಕ್ಕೆ ಸಾಲುತ್ತಿರಲಿಲ್ಲ, ಕೊರತೆಯನ್ನು ಮೀಸಲು ನಿಧಿಯಿಂದ ತುಂಬುತ್ತಿದ್ದರು. ಇದು ಎಲ್ಲರಿಗೂ ಕಾಣುವಂತೆಯೇ ಇತ್ತು. 2022ರ ಮೇನಲ್ಲಿ ಟೆರಾ ಕುಸಿದಾಗ ಠೇವಣಿಯ ಬೆಲೆಯೂ ನೆಲಕಚ್ಚಿತು. ಅಲ್ಲಿ ವರ್ಷಕ್ಕೆ 19.5% ಉಳಿಯಲಿಲ್ಲ. ನಿಮಗೆ ಹೇಳುತ್ತಿರುವುದು ಮೂರು ವಾರಕ್ಕೆ 21%.

ಪೊಂಜಿ ಅಂತ ನನಗೂ ಗೊತ್ತು. ಬೇಗ ಸೇರಿ ಬೇಗ ಹೊರಗೆ ಬಂದ್ರೆ ಲಾಭ ಅಲ್ವಾ?

ಹೀಗೆ ಕೇಳುವವರು ಕಡಿಮೆ ಇಲ್ಲ. ಯಾವಾಗ ಮುಚ್ಚುತ್ತದೆ ಎಂದು ಗೊತ್ತಿರುವುದು ನಡೆಸುವವರಿಗೆ ಮಾತ್ರ. ಬಿಟ್‌ಕನೆಕ್ಟ್ ಎಂಬ ಕ್ರಿಪ್ಟೋ ಯೋಜನೆಯನ್ನು ನೆನಪಿಸಿಕೊಳ್ಳಿ. ತಿಂಗಳಿಗೆ 40% ತನಕ ಲಾಭ ಎನ್ನುತ್ತಿತ್ತು, ಕಡಿಮೆ ಹಾಕಿದವರ ಅಸಲನ್ನು 299 ದಿನ ಕಟ್ಟಿಹಾಕುತ್ತಿತ್ತು. 2018ರ ಜನವರಿಯಲ್ಲಿ, ಜನರಿಂದ ಸಾಲದ ಹೆಸರಲ್ಲಿ ಹಣ ಪಡೆಯುತ್ತಿದ್ದ ಈ ಯೋಜನೆಯನ್ನು ನಿಲ್ಲಿಸಿ, ಅಸಲನ್ನು ಡಾಲರ್‌ನಲ್ಲಿ ಕೊಡದೆ ತನ್ನದೇ ನಾಣ್ಯದಲ್ಲಿ ಕೊಟ್ಟಿತು. ಎಲ್ಲರೂ ಒಟ್ಟಿಗೆ ಮಾರಲು ಹೊರಟರು, ನಾಣ್ಯದ ಬೆಲೆ 90%ಗಿಂತ ಹೆಚ್ಚು ಬಿತ್ತು. ಬೇಗ ಹೊರಬರುತ್ತೇನೆ ಎಂದುಕೊಂಡು ಸೇರಿದವರ ಅಸಲೂ ಅಲ್ಲೇ ಸಿಕ್ಕಿಬಿದ್ದಿತ್ತು.

ಮುಚ್ಚುವ ಮೊದಲು ಇಂಥ ಸೈಟ್‌ಗಳಲ್ಲಿ ಕಾಣುವ ಬದಲಾವಣೆಗಳೂ ಹೆಚ್ಚುಕಡಿಮೆ ಒಂದೇ ಥರ: ಹೊಸ ಹಣಕ್ಕೆ ದಿಢೀರ್ ಬೋನಸ್, ವಿತ್‌ಡ್ರಾಗೆ ಮಿತಿ, "ಸಿಸ್ಟಂ ಅಪ್‌ಗ್ರೇಡ್" ನೆಪ, ಡಾಲರ್ ಬದಲು ಸ್ವಂತ ಟೋಕನ್. ಆದರೆ ಇದು ಕಾಣುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ.

ಅದೃಷ್ಟಕ್ಕೆ ನೀವು ಲಾಭದಲ್ಲೇ ಹೊರಬಂದಿರಿ ಎನ್ನೋಣ. ಆ ಲಾಭ ನಿಮ್ಮ ನಂತರ ಬಂದವರ ಅಸಲು. ಮೇಡಾಫ್ ಪ್ರಕರಣದಲ್ಲಿ ಹಾಕಿದ್ದಕ್ಕಿಂತ ಹೆಚ್ಚು ತೆಗೆದವರಿಂದ ಆ ಹೆಚ್ಚಿನ ಹಣವನ್ನು ಕೋರ್ಟ್ ಮೂಲಕ ವಾಪಸ್ ವಸೂಲಿ ಮಾಡಲಾಯಿತು. ಬೇರೆಯವರನ್ನು ಸೇರಿಸಿ ಕಮಿಷನ್ ಪಡೆದಿದ್ದರೆ ಇನ್ನೂ ಕಷ್ಟ. ಬಿಟ್‌ಕನೆಕ್ಟ್‌ನ ಪ್ರಚಾರಕರ ಮೇಲೆ 2021ರಲ್ಲಿ ಎಸ್‌ಇಸಿ ಮೊಕದ್ದಮೆ ಹಾಕಿತು. ಅಮೆರಿಕದಲ್ಲಿ ಅದರ ಮುಖ್ಯ ಪ್ರಚಾರಕನಾಗಿದ್ದ ಗ್ಲೆನ್ ಆರ್ಕಾರೊ ತಪ್ಪೊಪ್ಪಿಕೊಂಡ, 2022ರಲ್ಲಿ ಅವನಿಗೆ 38 ತಿಂಗಳ ಜೈಲಾಯಿತು.